ನಿನ್ನೆಯ ಲೆಕ್ಕ ಇನ್ನೂ ಮುಗಿದಿಲ್ಲ

ಆನ್‌ಲೈನ್‌ನಲ್ಲಿ ಜಾಹೀರಾತು ಕೊಟ್ಟು ವ್ಯಾಪಾರ ಮಾಡುವವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ನಿನ್ನೆಯ ಲೆಕ್ಕ. ಹೋದ ವಾರ ಚೆನ್ನಾಗಿದ್ದ ವ್ಯಾಪಾರ ಈ ಎರಡು ಮೂರು ದಿನದಲ್ಲಿ ಕುಸಿದಂತೆ ಕಾಣುತ್ತದೆ. ಗಾಬರಿಯಾಗಿ ಜಾಹೀರಾತು ನಿಲ್ಲಿಸುತ್ತಾರೆ. ಎಷ್ಟೋ ಸಲ ಅಲ್ಲಿ ಕುಸಿದದ್ದು ಏನೂ ಇರುವುದಿಲ್ಲ. ಆ ದಿನಗಳ ಆರ್ಡರ್‌ಗಳು ಇನ್ನೂ ಬಂದು ಸೇರಿರುವುದಿಲ್ಲ, ಅಷ್ಟೇ.

ಇಳಕಲ್ ಸೀರೆ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಬುಧವಾರ ಒಬ್ಬರು ಗೂಗಲ್‌ನಲ್ಲಿ ಅದರ ಜಾಹೀರಾತು ಒತ್ತಿ ಸೀರೆ ನೋಡುತ್ತಾರೆ. ಬಣ್ಣದ ಬಗ್ಗೆ ಅಕ್ಕನನ್ನು ಕೇಳಿ, ಸಂಬಳ ಬಂದ ಮೇಲೆ ಭಾನುವಾರ ಆರ್ಡರ್ ಮಾಡುತ್ತಾರೆ. ಕ್ಲಿಕ್ಕಿಗೂ ಖರೀದಿಗೂ ನಡುವಿನ ಈ ನಾಲ್ಕು ದಿನವೇ ಕನ್ವರ್ಷನ್ ವಿಳಂಬ. ಗೂಗಲ್ ಆಡ್ಸ್‌ನ ಮಾಮೂಲಿ ಕನ್ವರ್ಷನ್ ಕಾಲಂ ಈ ಆರ್ಡರನ್ನು ಭಾನುವಾರದ ಸಾಲಿಗೆ ಹಾಕುವುದಿಲ್ಲ, ಕ್ಲಿಕ್ ಆದ ಬುಧವಾರದ ಸಾಲಿಗೆ ಹಾಕುತ್ತದೆ. ಬುಧವಾರದ ಖರ್ಚು ಮಾತ್ರ ಅಂದೇ ಪೂರ್ತಿ ದಾಖಲಾಗಿರುತ್ತದೆ. ಖರ್ಚು ಮೊದಲೇ ಬಂದು ಕೂತಿದೆ, ಆರ್ಡರ್ ತಡವಾಗಿ ಬರುತ್ತಿದೆ. ಹಾಗಾಗಿ ಹೊಸ ದಿನಗಳು ಯಾವಾಗಲೂ ನಷ್ಟದ ದಿನಗಳಂತೆ ಕಾಣುತ್ತವೆ.

ಕ್ಲಿಕ್ ಆದ ಎಷ್ಟು ದಿನದೊಳಗಿನ ಖರೀದಿಯನ್ನು ಆ ಜಾಹೀರಾತಿನ ಲೆಕ್ಕಕ್ಕೆ ಸೇರಿಸಬೇಕು ಎಂಬ ಗಡುವಿಗೆ ಅಟ್ರಿಬ್ಯೂಷನ್ ವಿಂಡೋ ಎನ್ನುತ್ತಾರೆ. ನಾವು ಬದಲಿಸದಿದ್ದರೆ ಗೂಗಲ್ ಆಡ್ಸ್‌ನಲ್ಲಿ ಕ್ಲಿಕ್ಕಿನ ಗಡುವು 30 ದಿನ, ಮೆಟಾದಲ್ಲಿ 7 ದಿನ. ಗಡುವು ಮುಗಿಯುವವರೆಗೆ ಯಾವ ದಿನದ ಲೆಕ್ಕವೂ ಅಂತಿಮವಲ್ಲ. ಗಡುವು ಕಡಿಮೆ ಮಾಡಿದರೆ ಲೆಕ್ಕ ಬೇಗ ಮುಗಿಯುತ್ತದೆ ನಿಜ, ಆದರೆ ತಡವಾಗಿ ಕೊಳ್ಳುವ ಗ್ರಾಹಕರು ಲೆಕ್ಕದಿಂದಲೇ ಹೊರಗುಳಿಯುತ್ತಾರೆ. ಇವೆರಡರ ಅಂಕಿಗಳನ್ನು ಗಡುವು ನೋಡದೆ ಅಕ್ಕಪಕ್ಕ ಇಟ್ಟು ತೂಗಿದರೆ ಅದೇ ಕಾರಣಕ್ಕೆ ದಾರಿ ತಪ್ಪುತ್ತೇವೆ.

ಈಗ ಒಂದು ಲೆಕ್ಕ ಹಾಕಿ ನೋಡೋಣ. ನಮ್ಮ ಸೀರೆ ಅಂಗಡಿ ದಿನಕ್ಕೆ 2,000 ರೂಪಾಯಿ ಖರ್ಚು ಮಾಡುತ್ತದೆ, ಪ್ರತಿದಿನದ ಕ್ಲಿಕ್‌ಗಳಿಂದ ಕೊನೆಗೆ 10 ಆರ್ಡರ್ ಬರುತ್ತವೆ. ಅಂದರೆ ಒಂದು ಆರ್ಡರ್‌ಗೆ ನಿಜವಾದ ಖರ್ಚು 200 ರೂಪಾಯಿ. ಆದರೆ ಮರುದಿನ ನೋಡುವಾಗ 5 ಮಾತ್ರ ಬಂದಿರುತ್ತವೆ. ಎರಡು ದಿನಕ್ಕೆ 6, ಮೂರು ಮತ್ತು ನಾಲ್ಕು ದಿನಕ್ಕೆ 7, ಐದು ಮತ್ತು ಆರಕ್ಕೆ 8, ಒಂದು ವಾರಕ್ಕೆ 9. ಹತ್ತನೆಯದು ಎರಡು ವಾರ ದಾಟಿದ ಮೇಲೆ ಬರುತ್ತದೆ.

ಸೋಮವಾರ ಬೆಳಿಗ್ಗೆ ಮಾಲೀಕರು ಹಿಂದಿನ ಏಳು ದಿನಗಳನ್ನು ಕೂಡಿದರೆ 50 ಆರ್ಡರ್ ಸಿಗುತ್ತವೆ, ಅದಕ್ಕೂ ಹಿಂದಿನ ಏಳು ದಿನಗಳಲ್ಲಿ 63. ಒಂದೇ ವಾರಕ್ಕೆ ಶೇ 20ಕ್ಕಿಂತ ಹೆಚ್ಚು ಇಳಿಕೆ! ನಿನ್ನೆಯದೊಂದನ್ನೇ ನೋಡಿದರೆ ಒಂದು ಆರ್ಡರ್‌ಗೆ 400 ರೂಪಾಯಿ. ವಾಸ್ತವದಲ್ಲಿ ಎರಡೂ ವಾರ ಒಂದೇ, ಕೊನೆಗೆ ಎರಡರಲ್ಲೂ ತಲಾ 70 ಆರ್ಡರ್. ಈ ಇಳಿಕೆಯನ್ನು ನಂಬಿ ಬಜೆಟ್ ಕಡಿತ ಮಾಡಿದರೆ ಮುಂದಿನ ವಾರದ ಕ್ಲಿಕ್ ಕಡಿಮೆಯಾಗುತ್ತದೆ, ಆಗ ವ್ಯಾಪಾರ ನಿಜವಾಗಿಯೂ ಇಳಿಯುತ್ತದೆ.

ಹಾಗಾದರೆ ನಿಜವಾದ ಕುಸಿತವನ್ನು ಗುರುತಿಸುವುದು ಹೇಗೆ? ಒಂದೇ ವಯಸ್ಸಿನ ದಿನಗಳನ್ನು ಹೋಲಿಸಬೇಕು. ಪ್ರತಿದಿನ ಬೆಳಿಗ್ಗೆ ಹಿಂದಿನ ದಿನದ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹೋದ ಸೋಮವಾರ ಬೆಳಿಗ್ಗೆ ಭಾನುವಾರದ ಸಾಲಿನಲ್ಲಿ 5 ಇದ್ದು, ಈ ಸೋಮವಾರವೂ 5 ಇದ್ದರೆ ಏನೂ ಕೆಟ್ಟಿಲ್ಲ. ದಿನದಿನವೂ 2 ಮಾತ್ರ ಕಾಣತೊಡಗಿದರೆ ವಿಚಾರಿಸಬೇಕು. ಗೂಗಲ್ ಆಡ್ಸ್‌ನಲ್ಲಿ Days to conversion ಎಂಬ ವಿಂಗಡಣೆ ಇದೆ, ನಿಮ್ಮ ಗ್ರಾಹಕರು ಎಷ್ಟು ದಿನ ತೆಗೆದುಕೊಳ್ಳುತ್ತಾರೆ ಎಂಬುದು ಅಲ್ಲಿ ಗೊತ್ತಾಗುತ್ತದೆ. Conversions (by conv. time) ಎಂಬ ಕಾಲಂ ಆರ್ಡರ್ ಆದ ದಿನಕ್ಕೇ ಲೆಕ್ಕ ಹಾಕುತ್ತದೆ. ಖರ್ಚು ಮೊದಲಿನಂತೆಯೇ ಇದ್ದೂ ಅದರಲ್ಲಿ ಇಳಿಕೆ ಮುಂದುವರಿದರೆ ಅದನ್ನು ವಿಳಂಬವೆಂದು ತಳ್ಳಿಹಾಕಬೇಡಿ. ಅಂಗಡಿಗೆ ಹಣ ಬರುತ್ತಿದ್ದರೂ ಆ ಕಾಲಂ ಖಾಲಿಯಿದ್ದರೆ ಆರ್ಡರ್ ಎಣಿಸುವ ಕೋಡ್ ಕೆಟ್ಟಿರಬಹುದು.

ಮರುದಿನ ಅರ್ಧ ಆರ್ಡರ್ ಬರುವುದು ವಾಡಿಕೆಯಾದರೆ, ಕಂಡ 5ನ್ನು 10 ಎಂದು ಅಂದಾಜಿಸಬಹುದು. ಆದರೆ ಈ ಅಂದಾಜಿಗೂ ಮಿತಿಯಿದೆ. ರಿಯಾಯಿತಿಯ ಕೊನೆಯ ದಿನ ಜನ ತಕ್ಷಣ ಕೊಳ್ಳುತ್ತಾರೆ, ಆಗ ಹಳೆಯ ವಾಡಿಕೆ ನಡೆಯುವುದಿಲ್ಲ. ದಿನಕ್ಕೆ ಒಂದೆರಡು ಆರ್ಡರ್ ಬರುವ ಅಂಗಡಿಯಲ್ಲಿ ಒಂದೇ ಆರ್ಡರ್ ಹೆಚ್ಚುಕಡಿಮೆಯಾದರೂ ಅಂದಾಜು ತಲೆಕೆಳಗಾಗುತ್ತದೆ.

ಆದ್ದರಿಂದ ಜಾಹೀರಾತು ನಿಲ್ಲಿಸುವ ನಿರ್ಧಾರವನ್ನು ನಿನ್ನೆಯ ಅಂಕಿ ನೋಡಿ ಮಾಡಬೇಡಿ. ನಿಮ್ಮ ಬಹುಪಾಲು ಗ್ರಾಹಕರು ಕೊಳ್ಳಲು ಎಷ್ಟು ದಿನ ತೆಗೆದುಕೊಳ್ಳುತ್ತಾರೋ ಅಷ್ಟು ದಿನ ಹಿಂದಕ್ಕೆ ಹೋಗಿ, ಅಲ್ಲಿಂದಾಚೆಗಿನ ಲೆಕ್ಕವನ್ನು ನೋಡಿ ಮಾಡಿ.