ಉತ್ತರ ನಿಮ್ಮದು, ಓದುಗ ಗೂಗಲ್‌ನವನು

‘ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ?’ ಎಂದು ಗೂಗಲ್‌ನಲ್ಲಿ ಕೇಳಿದವರಿಗೆ ಈಗ ವೆಬ್‌ಸೈಟ್‌ಗಳ ಪಟ್ಟಿಗಿಂತ ಮೊದಲೇ ನಾಲ್ಕು ಸಾಲಿನ ಉತ್ತರ ಕಾಣಿಸಬಹುದು. ಅದನ್ನು ಬರೆದದ್ದು ಯಂತ್ರ. ಬೇರೆ ಬೇರೆಯವರ ಬರಹಗಳಿಂದ ವಿಷಯ ಎತ್ತಿಕೊಂಡು, ಪಕ್ಕದಲ್ಲಿ ಅವುಗಳ ಲಿಂಕ್ ಇಟ್ಟಿರುತ್ತದೆ. ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲಿ ಎಲ್ಲರಿಗೂ ಸಿಗತೊಡಗಿದ ಈ ಸಾರಾಂಶ ಅದೇ ಆಗಸ್ಟ್‌ನಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಭಾರತಕ್ಕೆ ಬಂತು. ಯಂತ್ರದೊಂದಿಗೆ ಪ್ರಶ್ನೋತ್ತರ ನಡೆಸುವ ಗೂಗಲ್‌ನ ಎಐ ಮೋಡ್ 2025ರ ಅಕ್ಟೋಬರ್‌ನಲ್ಲಿ ಕನ್ನಡವನ್ನೂ ಸೇರಿಸಿಕೊಂಡಿತು. ಕನ್ನಡದಲ್ಲಿ ಮಾಹಿತಿ ಬರೆಯುವವರಿಗೆ ಇದು ಈಗ ದೂರದ ಸಂಗತಿಯಲ್ಲ.

ಯಂತ್ರ ನಿಮ್ಮ ಲೇಖನವನ್ನು ಓದುಗನಂತೆ ಮೊದಲಿಂದ ಕೊನೆಯವರೆಗೆ ಓದಿ ಸಾರ ಹೇಳುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಅದು ಕೇಳಿದ ಪ್ರಶ್ನೆಯನ್ನು ಹಲವು ಕಿರುಪ್ರಶ್ನೆಗಳಾಗಿ ಒಡೆಯುತ್ತದೆ. ಪ್ರತಿಯೊಂದಕ್ಕೂ ಹತ್ತಿರವಾದ ತುಣುಕುಗಳನ್ನು ಬೇರೆ ಬೇರೆ ಪುಟಗಳಿಂದ ಆರಿಸಿ, ಅವುಗಳನ್ನು ಮುಂದಿಟ್ಟುಕೊಂಡು ಉತ್ತರ ಹೆಣೆಯುತ್ತದೆ. ಹಾಗಾಗಿ ನಿಮ್ಮ ಬರಹದಿಂದ ಹೊರಗೆ ಹೋಗುವುದು ಒಂದು ಪ್ಯಾರಾ, ಕೆಲವೊಮ್ಮೆ ಒಂದೇ ವಾಕ್ಯ. ಹಿಂದಿನ ಪ್ಯಾರಾದ ಷರತ್ತಾಗಲಿ, ಇಡೀ ಬರಹದ ಧಾಟಿಯಾಗಲಿ ಅದರ ಜೊತೆ ಹೋಗುತ್ತದೆಂಬ ಖಾತ್ರಿಯಿಲ್ಲ. ದಿನಕ್ಕೊಂದು ಸಣ್ಣ ಕಲ್ಲು ತಿನ್ನಬೇಕು ಎಂದು ಅಮೆರಿಕದ ವಿಡಂಬನೆ ಪತ್ರಿಕೆ ‘ದಿ ಆನಿಯನ್’ ತಮಾಷೆಗೆ ಬರೆದಿತ್ತು. 2024ರ ಮೇ ತಿಂಗಳಲ್ಲಿ ಗೂಗಲ್‌ನ ಸಾರಾಂಶ ಅದನ್ನೇ ಆರೋಗ್ಯದ ಸಲಹೆಯಾಗಿ ಕೊಟ್ಟದ್ದು ಹೀಗೆಯೇ: ಮಾತು ಉಳಿಯಿತು, ತಮಾಷೆ ಕಳಚಿಹೋಯಿತು.

ಗೃಹಜ್ಯೋತಿಯನ್ನೇ ಹಿಡಿದು ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಹೀಗೆ ಬರೆಯುತ್ತೇವೆ: “ಈ ಯೋಜನೆಯಡಿ ಪ್ರತಿ ಮನೆಗೂ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಆದರೆ ಕೆಲವು ಷರತ್ತುಗಳಿವೆ.” ಷರತ್ತುಗಳು ಬರುವುದು ನಾಲ್ಕು ಪ್ಯಾರಾ ಕೆಳಗೆ, “ಮೇಲೆ ಹೇಳಿದ ಮಿತಿ ಎಲ್ಲರಿಗೂ ಒಂದೇ ಅಲ್ಲ” ಎಂಬ ಸಾಲಿನಿಂದ. ಪತ್ರಿಕೆಯ ಪುಟದಲ್ಲಿ ಇದು ಸರಿಯಾದ ಬರಹವೇ. ಆದರೆ ತುಣುಕಾಗಿ ಹೊರಗೆ ಹೋಗುವುದು ಮೊದಲ ವಾಕ್ಯ. ಅದನ್ನು ನಂಬಿದ ಮನೆಯವರು 180 ಯೂನಿಟ್ ಬಳಸಿಯೂ ಬಿಲ್ ಬರುವುದಿಲ್ಲ ಎಂದುಕೊಂಡಿರುತ್ತಾರೆ, ತಿಂಗಳ ಕೊನೆಗೆ ಬಿಲ್ ಬರುತ್ತದೆ. ‘ಮೇಲೆ ಹೇಳಿದ’ ಎಂಬ ಎರಡನೆಯ ತುಣುಕಿನಲ್ಲಿ ಯಾವ ಯೋಜನೆ, ಯಾವ ಮಿತಿ ಎಂಬುದೇ ಇಲ್ಲ. ಆದ್ದರಿಂದ ಅದು ಆಯ್ಕೆಯಾಗುವ ಸಾಧ್ಯತೆಯೂ ಕಡಿಮೆ.

ಅದೇ ವಿಷಯವನ್ನು ಹೀಗೆ ಬರೆಯಬಹುದು: “ಗೃಹಜ್ಯೋತಿ ಯೋಜನೆಯಲ್ಲಿ ಸರಾಸರಿ ಬಳಕೆ 48 ಯೂನಿಟ್‌ಗಿಂತ ಕಡಿಮೆಯಿಲ್ಲದ ಮನೆಗೆ ಉಚಿತವಾಗಿ ಸಿಗುವುದು 2022–23ನೇ ಸಾಲಿನ ಅದರ ತಿಂಗಳ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10ರಷ್ಟು ಮಾತ್ರ. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.” ಇದರ ಬೆನ್ನಿಗೇ ಲೆಕ್ಕ: ಸರಾಸರಿ 90 ಯೂನಿಟ್ ಇದ್ದ ಮನೆಗೆ ಉಚಿತ 99. ಆ ಮನೆ 120 ಬಳಸಿದರೆ 21 ಯೂನಿಟ್‌ಗೆ ಹಣ, 205 ಬಳಸಿದರೆ ಅಷ್ಟಕ್ಕೂ ಹಣ. ಯೋಜನೆಯ ಹೆಸರು, ನಿಯಮ, ಮಿತಿ ಎಲ್ಲವೂ ಒಂದೇ ಕಡೆ ಇವೆ. ಯಂತ್ರ ಎಲ್ಲಿ ಕತ್ತರಿಸಿದರೂ ಷರತ್ತು ಜೊತೆಯಲ್ಲೇ ಹೋಗುವ ಸಾಧ್ಯತೆ ಹೆಚ್ಚು.

ಕನ್ನಡದಲ್ಲಿ ಇದಕ್ಕೆ ಕೊಂಚ ಹೆಚ್ಚೇ ಎಚ್ಚರ ಬೇಕು. ಕರ್ತೃವನ್ನು ಬಿಟ್ಟು ವಾಕ್ಯ ಮುಗಿಸುವುದು ನಮಗೆ ಸಹಜ. ‘ಇದಕ್ಕೆ ಅರ್ಜಿ ಹಾಕಬಹುದು’, ‘ಅವರಿಗೂ ಅನ್ವಯಿಸುತ್ತದೆ’ ಎನ್ನುತ್ತೇವೆ. ಕಥೆಯಲ್ಲಿ ಇದು ಚಂದ. ನಿಯಮ ಹೇಳುವ ವಾಕ್ಯದಲ್ಲಿ ಮಾತ್ರ ಹೆಸರನ್ನು ಮತ್ತೆ ಬರೆಯುವುದೇ ಮೇಲು, ಮರುಕಳಿಸಿದಂತೆ ಕಂಡರೂ ಪರವಾಗಿಲ್ಲ. ಇನ್ನೊಂದು ತೊಡಕು ಹಳೆಯ ನುಡಿ, ಬರಹ ಫಾಂಟ್‌ಗಳ ಪಿಡಿಎಫ್. ಅದರಿಂದ ಒಂದು ಸಾಲು ನಕಲು ಮಾಡಿ ಹುಡುಕು ಪೆಟ್ಟಿಗೆಗೆ ಹಾಕಿ ನೋಡಿ. ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಆ ಕಡತದ ಪಠ್ಯ ಯಂತ್ರಕ್ಕೂ ಹಾಗೆಯೇ ಸಿಗುತ್ತದೆ. ಯುನಿಕೋಡ್‌ಗೆ ಬದಲಿಸದೆ ಬೇರೆ ಯಾವ ಜಾಣ್ಮೆಯೂ ಅಲ್ಲಿ ನಡೆಯದು.

ಮುಂದಿನ ಅಪಾಯ ದಿನಾಂಕದ್ದು. 2024ರ ಜನವರಿಯಲ್ಲಿ ಸಚಿವ ಸಂಪುಟ ನಿಯಮ ಬದಲಿಸಿತು: ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ. ಸರಾಸರಿ 40 ಇದ್ದ ಬಡ ಮನೆಗೆ ಮೊದಲು 44 ಸಿಗುತ್ತಿತ್ತು, ಈ ಲೆಕ್ಕದಲ್ಲಿ 50. ಆದರೆ 2023ರ ಬರಹ ‘ಈಗ’, ‘ಕಳೆದ ತಿಂಗಳಿಂದ’ ಎಂದು ಹೇಳುತ್ತಾ ಅಂತರ್ಜಾಲದಲ್ಲಿ ಹಾಗೇ ಕೂತಿದೆ. ‘2023ರ ಜುಲೈನಲ್ಲಿ ಜಾರಿಗೆ ಬಂದಾಗ’ ಎಂದು ವಾಕ್ಯದೊಳಗೇ ಕಾಲ ಬರೆದಿದ್ದರೆ ಅದು ಹಳೆಯದೆಂದು ಗೊತ್ತಾಗುತ್ತಿತ್ತು. ಇತಿಹಾಸಕ್ಕಾಗಿ ಹಳೆಯ ನಿಯಮ ಪುಟದಲ್ಲಿ ಇರಲೇಬೇಕೆಂದಿದ್ದರೆ, ಆ ಭಾಗವನ್ನು ಗೂಗಲ್ ಸಾರಾಂಶಕ್ಕೆ ಬಳಸದಂತೆ ಗುರುತು ಹಾಕಬಹುದು:

```html
<div data-nosnippet>ಹಳೆಯ ನಿಯಮದ ಪ್ಯಾರಾ</div>
```

ಈ ಗುರುತು `div`, `span`, `section`ಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. `p`ಗೆ ಹಾಕಿದರೆ ಪ್ರಯೋಜನವಿಲ್ಲ. `Google-Extended` ಅನ್ನು ತಡೆದರೆ ಸಾರಾಂಶದಿಂದ ಹೊರಗುಳಿಯಬಹುದು ಎಂಬ ನಂಬಿಕೆಯೂ ಇದೆ. ಅದು ಸುಳ್ಳು, ಸಾರಾಂಶ ಹುಡುಕಾಟದ ಭಾಗವೇ ಆದ್ದರಿಂದ ಆ ತಡೆ ಅದಕ್ಕೆ ತಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೆ ಓದುಗರು ಬರುತ್ತಾರೆಯೇ? ಕಡಿಮೆಯೇ. ಪ್ಯೂ ಸಂಶೋಧನಾ ಕೇಂದ್ರ 2025ರ ಮಾರ್ಚ್‌ನಲ್ಲಿ ಅಮೆರಿಕದ 900 ವಯಸ್ಕರ ಹುಡುಕಾಟಗಳನ್ನು ಗಮನಿಸಿತು. ಸಾರಾಂಶ ಇಲ್ಲದಾಗ ಶೇ 15ರಷ್ಟು ಸಲ ಯಾವುದೋ ಫಲಿತಾಂಶದ ಮೇಲೆ ಕ್ಲಿಕ್ ಬಿತ್ತು. ಸಾರಾಂಶ ಇದ್ದಾಗ ಶೇ 8ರಷ್ಟು ಸಲ. ಸಾರಾಂಶದೊಳಗಿನ ಲಿಂಕ್ ಒತ್ತಿದ್ದು ಶೇ 1ರಷ್ಟು ಸಲ ಮಾತ್ರ. ಅಂದರೆ ನಿಮ್ಮ ಹೆಸರು ಉಲ್ಲೇಖವಾದರೂ ನೂರರಲ್ಲಿ ಒಬ್ಬರು ಬಂದಾರು. ಜಾಹೀರಾತು ನಂಬಿದ ಸಣ್ಣ ಕನ್ನಡ ತಾಣಗಳಿಗೆ ಇದು ನೇರವಾಗಿ ಆದಾಯದ ಪೆಟ್ಟು. ಬರಹ ಅವರದು, ಜಾಹೀರಾತು ನೋಡುವ ಕಣ್ಣು ಗೂಗಲ್‌ನದು. ನನಗೆ ಇದು ನ್ಯಾಯವೆಂದು ಅನಿಸುವುದಿಲ್ಲ.

ಪೆಟ್ಟು ಬಿದ್ದಿದೆಯೇ ಎಂದು ತಿಳಿಯಲು ಸರ್ಚ್ ಕನ್ಸೋಲ್ ನೋಡಬೇಕು. ಗೂಗಲ್ ಅಲ್ಲಿ ಸಾರಾಂಶದ ಲೆಕ್ಕವನ್ನು ಒಟ್ಟು ವೆಬ್ ಲೆಕ್ಕದಲ್ಲೇ ಸೇರಿಸುತ್ತದೆ ಎಂದು ಹೇಳಿದೆ, ಹಾಗಾಗಿ ಊಹೆ ನಾವೇ ಮಾಡಬೇಕು. ಒಂದೊಂದೇ ಪ್ರಶ್ನೆಯನ್ನು ಆರಿಸಿ ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಹೋಲಿಸಿ. ಪುಟ ಕಾಣಿಸಿಕೊಂಡ ಸಂಖ್ಯೆ, ಸ್ಥಾನ ಎರಡೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ಉತ್ತರ ಮೇಲೆಯೇ ಸಿಗುತ್ತಿದೆ ಎಂದು ಅನುಮಾನಿಸಬಹುದು. ಸ್ಥಾನವೇ ಕುಸಿದಿದ್ದರೆ ಕಾರಣ ಬೇರೆ; ಕಾಣಿಸಿಕೊಂಡ ಸಂಖ್ಯೆಯೇ ಇಳಿದಿದ್ದರೆ ಜನ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟಿರಬಹುದು.

ಉತ್ತರವನ್ನು ಬಚ್ಚಿಟ್ಟು ಕ್ಲಿಕ್ ಮಾಡಿಸುವುದು ಪರಿಹಾರವಲ್ಲ. ಯಂತ್ರ ಅದನ್ನು ಇನ್ನೊಬ್ಬರಿಂದ, ಬಹುಶಃ ತಪ್ಪಾಗಿ ಬರೆದವರಿಂದ, ಎತ್ತಿಕೊಳ್ಳುತ್ತದೆ. ನಿಯಮವನ್ನು ಮೇಲೆಯೇ ಪೂರ್ತಿ ಹೇಳಿ, ಪುಟಕ್ಕೆ ಬಂದೇ ನೋಡಬೇಕಾದದ್ದನ್ನು ಅದರ ಕೆಳಗೆ ಕೊಡಬೇಕು. ಬಾಡಿಗೆಗೆ ಮನೆ ಬದಲಿಸಿದವರ ಸರಾಸರಿ ಯಾವುದು, ಬಿಲ್ಲಿನ ಯಾವ ಸಾಲಿನಲ್ಲಿ ಏನಿದೆ ಎಂಬ ಚಿತ್ರ, ತಮ್ಮ ಅಂಕಿ ಹಾಕಿ ಲೆಕ್ಕ ನೋಡುವ ಸೌಲಭ್ಯ ಇಂಥವನ್ನು ನಾಲ್ಕು ಸಾಲಿಗೆ ಇಳಿಸುವುದು ಕಷ್ಟ. ಬರುವ ಒಬ್ಬ ಓದುಗ ಬರುವುದೂ ಇದಕ್ಕಾಗಿಯೇ.

ಬರೆದು ಪ್ರಕಟಿಸಿದ ಮೇಲೆ ಓದುಗರು ಕೇಳುವ ಮಾತಿನಲ್ಲೇ ಆ ಪ್ರಶ್ನೆಯನ್ನು ಹುಡುಕಿ, ಸಾರಾಂಶದಲ್ಲಿ ನಿಮ್ಮ ಲಿಂಕ್ ಇದ್ದರೆ ಅದರ ಪಕ್ಕದ ವಾಕ್ಯವನ್ನು ನಿಮ್ಮ ವಾಕ್ಯದೊಂದಿಗೆ ಹೋಲಿಸಿ. ಒಂದು ಷರತ್ತು ಕಳಚಿದ್ದರೂ ನಿಮ್ಮ ಪುಟದ ವಾಕ್ಯವನ್ನು ತಿದ್ದಿ, ಕೆಲವು ವಾರ ಬಿಟ್ಟು ಮತ್ತೆ ನೋಡಿ. ಎಲ್ಲ ಹಳೆಯ ಬರಹಗಳನ್ನೂ ತಿದ್ದಲು ಆಗದಿದ್ದರೆ ಔಷಧ, ಶುಲ್ಕ, ಸರ್ಕಾರಿ ಯೋಜನೆಯ ಪುಟಗಳನ್ನಾದರೂ ಮೊದಲು ತಿದ್ದಿ. ಅಲ್ಲಿ ಕಳಚಿದ ಷರತ್ತಿಗೆ ಬೆಲೆ ತೆರುವವರು ನಿಮ್ಮ ತಾಣಕ್ಕೆ ಬಾರದೆ ಹೋದ ಆ ಓದುಗರೇ.