ಬಾಡಿಗೆಯ ಕೊಪ್ಪರಿಗೆ

ನೂರಾರು ಜನರಿಗೆ ಹುಳಿ ಬೇಯಿಸುವ ತಾಮ್ರದ ಕೊಪ್ಪರಿಗೆಯು ಗೃಹಸ್ಥನಿಗೆ ಬೇಕಾಗುವುದು ಮನೆಯಲ್ಲಿ ಮದುವೆಯೋ ಉಪನಯನವೋ ಒದಗಿದಾಗ ಮಾತ್ರ. ಮಿಕ್ಕ ದಿನಗಳಲ್ಲಿ ಅದು ಅಟ್ಟದ ಮೇಲೆ ಧೂಳು ಹಿಡಿಯುತ್ತಿರುವುದು. ಆದುದರಿಂದಲೇ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ನಮ್ಮ ಊರುಗಳಲ್ಲಿ ನಡೆದುಬಂದಿವೆ.

ಕೊಪ್ಪರಿಗೆಯ ಬೆಲೆ 12,000 ರೂಪಾಯಿ, ದಿನದ ಬಾಡಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿರಿ. ವರ್ಷಕ್ಕೆ 20 ಬಾರಿ ಹೊರಗೆ ಹೋದರೆ 6,000 ರೂಪಾಯಿ ಬರುವುದು. ಎರಡು ಸಲದ ಕಲಾಯಿಗೆ 1,200 ರೂಪಾಯಿ ಕಳೆದರೆ 4,800 ಉಳಿದು, ಎರಡೂವರೆ ವರ್ಷದಲ್ಲಿ ಅಸಲು ಕೈಸೇರುವುದು.

ಆದರೆ ಆಷಾಢದಲ್ಲಿ ಮದುವೆಯ ಮನೆಯವರು ಅತ್ತ ಸುಳಿಯುವುದಿಲ್ಲ. ಒಳ್ಳೆಯ ಮುಹೂರ್ತ ಬಂದಿತೆಂದರೆ ಒಂದೇ ದಿನ ನಾಲ್ವರು ಬಾಗಿಲಿಗೆ ಬರುವರು. ಆಸೆಯಿಂದ ಎರಡನೆಯ ಕೊಪ್ಪರಿಗೆಯನ್ನು ಕೊಂಡರೆ, ಅದು ಇಂಥ ನೂಕುನುಗ್ಗಲಿನ ದಿನಗಳಲ್ಲಿ ಮಾತ್ರ ಹೊರಡುವುದು. ವರ್ಷಕ್ಕೆ 8 ಬಾರಿ ಎನ್ನಿ. ಒಂದು ಕಲಾಯಿ ಕಳೆದು ಉಳಿಯುವುದು 1,800 ರೂಪಾಯಿ. ಅಸಲು ಹುಟ್ಟಲು ಆರೂವರೆ ವರ್ಷಕ್ಕೂ ಹೆಚ್ಚು ಬೇಕು! ನೆರೆಯೂರಿನಿಂದ ತರಿಸೋಣವೆಂದರೆ ಅಲ್ಲಿಯ ಪಂಚಾಂಗವೂ ಅದೇ ಅಲ್ಲವೆ? ಜಾತ್ರೆ, ಉರುಸು, ಗಣೇಶೋತ್ಸವಗಳ ಗಿರಾಕಿಗಳನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಎರಡನೆಯದನ್ನು ಕೊಳ್ಳುವುದು ಲೇಸು.

ಕಲಾಯಿಯ ಖರ್ಚನ್ನು ಉಳಿಸಲು ಹೊರಡುವವರೂ ಉಂಟು. ಇದು ಕೂಡದು. ತವರದ ಲೇಪ ಸವೆದಲ್ಲಿ ಹುಣಿಸೆಯ ರಸವು ತಾಮ್ರವನ್ನು ಕರಗಿಸಿ ಅಡಿಗೆಯನ್ನು ಕೆಡಿಸುವುದು, ಉಂಡವರಿಗೆ ವಾಂತಿಯಾಗುವುದು. ಬಾಡಿಗೆಗೆ ಒಯ್ಯುವವರು ಪಾತ್ರೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಬಿಳುಪಿನ ನಡುವೆ ಕೆಂಪು ತೋರಿದರೆ ಅದನ್ನು ಅಲ್ಲಿಯೇ ಬಿಟ್ಟುಬರಬೇಕು.

ವ್ಯಾಪಾರಿಗೆ ನಷ್ಟವಾಗುವುದು ಕೊಪ್ಪರಿಗೆಯಿಂದಲ್ಲ, ಸೌಟುಗಳಿಂದ. ಅವನ್ನು ಕೊಡುವಾಗಲೂ ಹಿಂತಿರುಗಿ ಪಡೆಯುವಾಗಲೂ ಇಬ್ಬರೂ ಎದುರಿಗಿದ್ದು ಎಣಿಸತಕ್ಕದ್ದು.