ಹಾಳೆ ಬಂತು, ಅಕ್ಷರ ಬರಲಿಲ್ಲ

ಪ್ರಿಂಟರಿನೊಳಗೆ ಎರಡು ಕೆಲಸಗಳು ಬೇರೆ ಬೇರೆಯಾಗಿ ನಡೆಯುತ್ತವೆ. ರಬ್ಬರ್ ರೋಲರುಗಳು ಹಾಳೆಯನ್ನು ಎಳೆದುಕೊಂಡು ಮುಂದಕ್ಕೆ ತಳ್ಳುತ್ತವೆ. ಅದರ ಮೇಲೆ ಅತ್ತಿಂದಿತ್ತ ಓಡಾಡುವ ಹೆಡ್ ಶಾಯಿ ಹನಿಸುತ್ತದೆ. ಹನಿ ಹಾಳೆಯ ಮೇಲೆ ಬಿತ್ತೋ ಇಲ್ಲವೋ ಎಂದು ತಿರುಗಿ ನೋಡುವ ಕಣ್ಣು ಮನೆಯಲ್ಲೂ ಸಣ್ಣ ಕಚೇರಿಯಲ್ಲೂ ಬಳಸುವ ಸಾಮಾನ್ಯ ಯಂತ್ರಗಳಿಗೆ ಇಲ್ಲ. ಹೀಗಾಗಿ ಶಾಯಿ ಒಂದು ತೊಟ್ಟೂ ಬಾರದಿದ್ದರೂ ಹೆಡ್ ಎಂದಿನ ಸದ್ದು ಮಾಡುತ್ತ ಓಡಾಡುತ್ತದೆ, ದೀಪ ಹಸಿರಾಗಿಯೇ ಇರುತ್ತದೆ, ಕಂಪ್ಯೂಟರ್ ಪರದೆಯ ಮೇಲೆ ಯಾವ ತಕರಾರೂ ಕಾಣುವುದಿಲ್ಲ. ಹೊರಗೆ ಬರುವುದು ಮಾತ್ರ ಬೆಳ್ಳನೆಯ ಹಾಳೆ.

ಅಕ್ಷರ ಕಳೆದುಹೋಗಲು ಎರಡೇ ಜಾಗಗಳಿವೆ. ಕಂಪ್ಯೂಟರು ಯಂತ್ರಕ್ಕೆ ಖಾಲಿ ಪುಟವನ್ನೇ ಕಳಿಸಿರಬೇಕು. ಇಲ್ಲವೇ ಸರಿಯಾದ ಪುಟ ಬಂದರೂ ಯಂತ್ರದಿಂದ ಶಾಯಿ ಇಳಿಯದೆ ಇರಬೇಕು. ಇವೆರಡರಲ್ಲಿ ಯಾವುದು ಎಂದು ತಿಳಿಯದೆ ಕಾರ್ಟ್ರಿಜ್ ಕೊಳ್ಳಲು ಅಂಗಡಿಗೆ ಓಡುವುದು ದುಡ್ಡು ದಂಡ ಮಾಡುವ ದಾರಿ. ತಿಳಿಯುವ ಉಪಾಯ ಸುಲಭದ್ದು. ಸ್ಕ್ಯಾನರ್ ಇರುವ ಯಂತ್ರವಾದರೆ ಕಂಪ್ಯೂಟರಿನ ಗೊಡವೆಯೇ ಇಲ್ಲದೆ, ಗಾಜಿನ ಮೇಲೆ ದಿನಪತ್ರಿಕೆಯ ಒಂದು ಹಾಳೆ ಇಟ್ಟು ಕಾಪಿ ಗುಂಡಿ ಒತ್ತಿದರಾಯಿತು. ಕಪ್ಪು ಕಾಪಿ ಒಂದು, ಕಲರ್ ಕಾಪಿ ಒಂದು ತೆಗೆಯುವುದು ಒಳ್ಳೆಯದು. ಕಾಪಿ ಸರಿಯಾಗಿ ಬಂದರೆ ಶಾಯಿಗೂ ಹೆಡ್‌ಗೂ ಏನೂ ಆಗಿಲ್ಲ, ತಪ್ಪು ಕಂಪ್ಯೂಟರಿನ ಕಡೆಯದು. ಕಾಪಿಯೂ ಬೆಳ್ಳಗಿದ್ದರೆ ತಪ್ಪು ಯಂತ್ರದೊಳಗೇ ಇದೆ. ಇಲ್ಲೊಂದು ಸಣ್ಣ ಎಚ್ಚರ: ಗಾಜಿನ ಮೇಲೆ ಅಚ್ಚಾದ ಮುಖ ಕೆಳಗಾಗಿರಬೇಕು. ಮುಖ ಮೇಲಾಗಿ ಇಟ್ಟರೆ ಹಾಳೆಯ ಬೆನ್ನಷ್ಟೇ ಕಾಪಿಯಾಗುತ್ತದೆ. ಒಂದೇ ಮಗ್ಗುಲಲ್ಲಿ ಅಚ್ಚಾದ ಕಾಗದವಾದರೆ ಯಂತ್ರ ಸರಿಯಿದ್ದರೂ ಖಾಲಿ ಪುಟವೇ ಬರುತ್ತದೆ.

ಯಂತ್ರದೊಳಗಿನ ತೊಂದರೆಗಳಲ್ಲಿ ಇಂಕ್‌ಜೆಟ್ ಪ್ರಿಂಟರುಗಳನ್ನು ಹೆಚ್ಚು ಕಾಡುವುದು ನಾಝಲ್ ಕಟ್ಟಿಕೊಳ್ಳುವುದು. ಹೆಡ್‌ನ ತಳದಲ್ಲಿ ನೂರಾರು ಸೂಕ್ಷ್ಮ ರಂಧ್ರಗಳ ಸಾಲುಗಳಿರುತ್ತವೆ. ಒಂದೊಂದು ರಂಧ್ರದ ಅಗಲ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಎಚ್‌ಪಿ, ಕ್ಯಾನನ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಕ್ಷಣಮಾತ್ರದ ಕಾವಿನಿಂದ ಶಾಯಿಯಲ್ಲಿ ಆವಿಯ ಗುಳ್ಳೆ ಎದ್ದು ಹನಿಯನ್ನು ಹೊರದಬ್ಬುತ್ತದೆ. ಎಪ್ಸನ್ ಯಂತ್ರಗಳಲ್ಲಿ ವಿದ್ಯುತ್ ತಗುಲಿದಾಗ ಆಕಾರ ಬದಲಿಸುವ ಒಂದು ತೆಳು ಪದರ ಆ ಕೆಲಸ ಮಾಡುತ್ತದೆ. ದಾರಿ ಯಾವುದಾದರೂ ಶಾಯಿಯ ಬಹುಪಾಲು ನೀರೇ. ನೀರು ಆರಿದರೆ ಬಣ್ಣ ಗಟ್ಟಿಯಾಗಿ ರಂಧ್ರದ ಬಾಯಿಗೆ ಬಿರಡೆಯಂತೆ ಕೂರುತ್ತದೆ. ಆರದಿರಲೆಂದೇ ಕೆಲಸ ಮುಗಿದ ಮೇಲೆ ಹೆಡ್ ಒಂದು ಮೂಲೆಗೆ ಸರಿದು ರಬ್ಬರಿನ ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತದೆ. ಪ್ರಿಂಟರನ್ನು ಅದರ ಗುಂಡಿಯಿಂದಲೇ ಆರಿಸಬೇಕು ಎನ್ನುವುದು ಇದಕ್ಕಾಗಿ. ಅಚ್ಚಿನ ನಡುವೆ ಗೋಡೆಯ ಸ್ವಿಚ್ ತೆಗೆದರೆ, ಇಲ್ಲವೇ ಕರೆಂಟ್ ಹೋದರೆ, ಹೆಡ್ ದಾರಿಯಲ್ಲೇ ನಿಲ್ಲುತ್ತದೆ; ಮುಚ್ಚಳವಿಲ್ಲದೆ ಬಾಯಿ ತೆರೆದುಕೊಂಡು ಒಣಗುತ್ತದೆ.

ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಬಹುದು. ಏಪ್ರಿಲ್ ನಡುವಿನಲ್ಲಿ ಶಾಲೆಗೆ ರಜೆ ಸಿಕ್ಕ ಮೇಲೆ ಮುಟ್ಟದೆ ಬಿಟ್ಟ ಇಂಕ್ ಟ್ಯಾಂಕ್ ಪ್ರಿಂಟರು. ಜೂನ್ ಮೊದಲ ವಾರ ಅರ್ಜಿ ನಮೂನೆಯೊಂದನ್ನು ಪ್ರಿಂಟ್ ಮಾಡಲು ಹೋದರೆ ಮೂರು ಸಲವೂ ಖಾಲಿ ಹಾಳೆ. ಟ್ಯಾಂಕುಗಳಲ್ಲಿ ಶಾಯಿ ಅರ್ಧಕ್ಕಿಂತ ಮೇಲೇ ಇದೆ. ಕಪ್ಪು ಕಾಪಿ ಬೆಳ್ಳಗೆ. ಕಲರ್ ಕಾಪಿಯಲ್ಲಿ ಮಾತ್ರ ಮಸುಕಾದ ಚಿತ್ರ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಂತೆ: ಬಣ್ಣದ ಸಾಲುಗಳು ಬದುಕಿವೆ, ಕಪ್ಪಿನ ಸಾಲು ಕಟ್ಟಿಕೊಂಡಿದೆ. ಸಾದಾ ಕಾಗದದ ಮೇಲೆ ಕಪ್ಪು ಅಕ್ಷರಗಳನ್ನು ಯಂತ್ರ ಕಪ್ಪು ಶಾಯಿಯಿಂದಲೇ ಬರೆಯುವುದರಿಂದ ನಾಲ್ಕರಲ್ಲಿ ಒಂದೇ ಬಣ್ಣ ನಿಂತರೂ ಅರ್ಜಿಯ ಹಾಳೆ ಪೂರ್ತಿ ಖಾಲಿಯಾಗಿ ಬರುತ್ತದೆ. ಬಹಳಷ್ಟು ಟ್ಯಾಂಕ್ ಯಂತ್ರಗಳಲ್ಲಿ ಕಪ್ಪು ಶಾಯಿ ಮಾತ್ರ ನೀರಿನಲ್ಲಿ ಕರಗದ ನುಣ್ಣನೆಯ ಪುಡಿಯಿಂದ ಮಾಡಿದ್ದು, ಆದ್ದರಿಂದ ಬೇರೆ ಬಣ್ಣಗಳಿಗಿಂತ ಮೊದಲು ಅದೇ ಗಟ್ಟಿಯಾಗುತ್ತದೆ.

ಮುಂದಿನ ಹೆಜ್ಜೆ Nozzle Check. ಎಪ್ಸನ್ ಯಂತ್ರವಾದರೆ ವಿಂಡೋಸ್‌ನಲ್ಲಿ Printing Preferences ತೆರೆದು Maintenance ಎಂಬ ಪುಟಕ್ಕೆ ಹೋದರೆ ಸಿಗುತ್ತದೆ. ಬೇರೆಯವುಗಳಲ್ಲೂ ಹೆಚ್ಚುಕಡಿಮೆ ಇಂಥದೇ ಹೆಸರಿನಲ್ಲಿರುತ್ತದೆ. ಆಗ ಬರುವ ಹಾಳೆಯಲ್ಲಿ ನಾಲ್ಕು ಬಣ್ಣಗಳ ಸಣ್ಣ ಸಣ್ಣ ಗೆರೆಗಳು ಮೆಟ್ಟಿಲಿನಂತೆ ಜೋಡಣೆಯಾಗಿರುತ್ತವೆ. ಕಾಣದ ಗೆರೆ ಎಂದರೆ ಕಟ್ಟಿಕೊಂಡ ರಂಧ್ರ. ಹಳದಿ ಗೆರೆಗಳು ಬಿಳಿ ಹಾಳೆಯ ಮೇಲೆ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಕಿಟಕಿಯ ಬೆಳಕಿಗೆ ಹಿಡಿದೇ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಉಳಿದ ಮೂರು ಬಣ್ಣಗಳು ತುಂಬಾ ಇವೆ, ಕಪ್ಪಿನ ಜಾಗ ಬರಿದು. Head Cleaning ಒಂದು ಸಲ ಮಾಡಿಸಿ ಮತ್ತೆ ನೋಡಿದರೆ ಅಲ್ಲೊಂದು ಇಲ್ಲೊಂದು ಕಪ್ಪು ಗೆರೆ. ಎರಡನೆಯ ಸಲಕ್ಕೆ ಅರ್ಧದಷ್ಟು. ಮೂರನೆಯ ಸಲಕ್ಕೆ ಅಷ್ಟಕ್ಕಷ್ಟೇ.

ಇಲ್ಲೇ ಬಹಳ ಜನ ಎಡವುವುದು. ನಾಲ್ಕು, ಐದು, ಆರು ಎಂದು ಗುಂಡಿ ಒತ್ತುತ್ತಲೇ ಹೋಗುತ್ತಾರೆ. ಕ್ಲೀನಿಂಗ್ ಎಂದರೆ ಯಂತ್ರದ ಪುಟ್ಟ ಪಂಪು ಮುಚ್ಚಳದ ಕಡೆಯಿಂದ ಶಾಯಿಯನ್ನು ಜಗ್ಗಿ ಎಳೆಯುವುದು. ಎಳೆದ ಶಾಯಿ ಯಂತ್ರದ ತಳದಲ್ಲಿರುವ ಹೀರುಪ್ಯಾಡಿಗೆ ಹೋಗುತ್ತದೆ. ಆ ಪ್ಯಾಡು ತುಂಬಿತೆಂದು ಯಂತ್ರದ ಲೆಕ್ಕಕ್ಕೆ ಬಂದ ದಿನ ಪ್ರಿಂಟರು ಕೆಲಸವನ್ನೇ ನಿಲ್ಲಿಸುತ್ತದೆ, ಪ್ಯಾಡು ಬದಲಿಸುವವರೆಗೆ ಏಳುವುದಿಲ್ಲ. ಮೂರು ಸಲಕ್ಕೆ ಸರಿಹೋಗದಿದ್ದರೆ ಯಂತ್ರವನ್ನು ಗುಂಡಿಯಿಂದ ಆರಿಸಿ ಹನ್ನೆರಡು ಗಂಟೆಯಾದರೂ ಸುಮ್ಮನೆ ಬಿಡಬೇಕು. ಹೊಸದಾಗಿ ಇಳಿದ ಶಾಯಿಯ ತೇವಕ್ಕೆ ಹಳೆಯ ಬಿರಡೆ ರಾತ್ರಿಯಿಡೀ ನೆನೆಯುತ್ತದೆ, ಪಂಪು ಎಳೆದಾಗ ಸೇರಿಕೊಂಡ ಗಾಳಿಗುಳ್ಳೆಗಳೂ ಮೇಲೇರುತ್ತವೆ. ಉದಾಹರಣೆಯ ಪ್ರಿಂಟರಿಗೆ ಮರುದಿನ ಬೆಳಿಗ್ಗೆ ಇನ್ನೊಂದೇ ಕ್ಲೀನಿಂಗ್ ಸಾಕಾಯಿತು. ಕಪ್ಪು ಮೆಟ್ಟಿಲುಗಳೆಲ್ಲ ತುಂಬಿದವು, ಅರ್ಜಿಯೂ ಬಂತು. ಆಗಲೂ ಜಗ್ಗದಿದ್ದರೆ ಕೆಲವು ಟ್ಯಾಂಕ್ ಯಂತ್ರಗಳಲ್ಲಿ Power Cleaning ಎಂಬ ಜೋರಿನ ಕ್ರಮವಿದೆ. ಅದು ಕೊಳವೆಗಳಲ್ಲಿರುವ ಶಾಯಿಯನ್ನೆಲ್ಲ ಬದಲಿಸುವಷ್ಟು ಎಳೆಯುವುದರಿಂದ ಟ್ಯಾಂಕಿನಲ್ಲಿ ಸಾಕಷ್ಟು ಶಾಯಿ ಇರುವಾಗಲಷ್ಟೇ ಮಾಡತಕ್ಕದ್ದು.

ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುವ ಅಗ್ಗದ ಪ್ರಿಂಟರುಗಳಲ್ಲಿ ಕೈಯಿಂದಲೂ ಸ್ವಲ್ಪ ಮಾಡಬಹುದು. ಕಾರ್ಟ್ರಿಜ್ ಹೊರತೆಗೆದು, ನೂಲು ಬಿಡದ ಬಟ್ಟೆಯನ್ನೋ ಟಿಶ್ಯೂ ಕಾಗದವನ್ನೋ ಮಡಿಸಿ ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿ, ಅದರ ಮೇಲೆ ನಾಝಲ್ ಮುಖವನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು, ಉಜ್ಜಬಾರದು. ಎತ್ತಿದಾಗ ಟಿಶ್ಯೂ ಮೇಲೆ ಕಪ್ಪು ಪಟ್ಟಿ ಮೂಡಿದ್ದರೆ ದಾರಿ ತೆರೆಯಿತು ಎಂದರ್ಥ. ಕಲರ್ ಕಾರ್ಟ್ರಿಜ್ ಆದರೆ ಮೂರು ಬಣ್ಣಗಳೂ ಬೇರೆ ಬೇರೆಯಾಗಿ ಕಾಣಬೇಕು. ತಾಮ್ರದ ಬಣ್ಣದ ಸಂಪರ್ಕ ಚುಕ್ಕೆಗಳ ಮೇಲೆ ಶಾಯಿ ಹತ್ತಿದರೆ ಒರೆಸಿ, ಒಣಗಿದ ಮೇಲೆಯೇ ಕೂರಿಸಬೇಕು.

ಕಾರ್ಟ್ರಿಜ್ ಖಾಲಿಯಾಗುವುದು ಮೇಲ್ನೋಟಕ್ಕೆ ಸುಲಭದ ಕಾರಣ. ಆದರೆ ಪರದೆಯ ಮೇಲಿನ ಶಾಯಿಯ ಪಟ್ಟಿಯನ್ನು ಪೂರ್ತಿ ನಂಬುವಂತಿಲ್ಲ. ಹೆಚ್ಚಿನ ಯಂತ್ರಗಳು ಶಾಯಿಯನ್ನು ಅಳೆಯುವುದಿಲ್ಲ, ಎಷ್ಟು ಹನಿ ಹಾರಿಸಿದೆ ಎಂದು ಲೆಕ್ಕವಿಡುತ್ತವೆ ಅಷ್ಟೆ. ಅಂಗಡಿಯಲ್ಲಿ ರೀಫಿಲ್ ಮಾಡಿಸಿ ತಂದ ಕಾರ್ಟ್ರಿಜ್ ತುಂಬಿದ್ದರೂ ಖಾಲಿ ಎಂದು ತೋರಿಸಬಹುದು. ಒಣಗಿದ ಕಾರ್ಟ್ರಿಜ್‌ನಲ್ಲಿ ಅರ್ಧ ಉಳಿದಿದೆ ಎಂದೂ ತೋರಿಸಬಹುದು. ಟ್ಯಾಂಕ್ ಯಂತ್ರದಲ್ಲಿ ಶಾಯಿ ಕಣ್ಣಿಗೇ ಕಾಣುತ್ತದೆ, ಆದರೂ ಕೆಳಗೆರೆಗಿಂತ ಇಳಿಯುವವರೆಗೆ ಬಿಟ್ಟರೆ ಕೊಳವೆಗೆ ಗಾಳಿ ಸೇರಿಕೊಂಡು, ಆಮೇಲೆ ಟ್ಯಾಂಕ್ ತುಂಬಿಸಿದರೂ ಶಾಯಿ ಹೆಡ್‌ವರೆಗೆ ಬರುವುದಿಲ್ಲ.

ಹೊಸ ಕಾರ್ಟ್ರಿಜ್ ಹಾಕಿದ ಮರುಕ್ಷಣವೇ ಖಾಲಿ ಹಾಳೆ ಬಂದರೆ ಮೊದಲು ಹುಡುಕಬೇಕಾದದ್ದು ಟೇಪು. ನಾಝಲ್ ಮುಖದ ಮೇಲೋ, ಮೇಲ್ಗಡೆ ಗಾಳಿ ಹೋಗುವ ತೂತಿನ ಮೇಲೋ ಬಣ್ಣದ ಟೇಪು ಅಂಟಿಸಿರುತ್ತಾರೆ. ಗಾಳಿಯ ತೂತು ಮುಚ್ಚಿದ್ದರೆ ಒಂದೆರಡು ಪುಟ ಬಂದು ಆಮೇಲೆ ನಿಲ್ಲುವುದೂ ಉಂಟು: ಹೊರಬಿದ್ದ ಶಾಯಿಯ ಜಾಗಕ್ಕೆ ಗಾಳಿ ಬಾರದೆ ಉಳಿದ ಶಾಯಿ ಒಳಗೇ ಹಿಡಿದುಕೊಳ್ಳುತ್ತದೆ, ಎಳನೀರಿನ ಬುರುಡೆಗೆ ಒಂದೇ ಸಣ್ಣ ತೂತು ಕೊರೆದು ಬಗ್ಗಿಸಿದಂತೆ.

ಲೇಸರ್ ಪ್ರಿಂಟರಿನಲ್ಲಿ ನಾಝಲ್ಲೇ ಇಲ್ಲ, ಕಟ್ಟಿಕೊಳ್ಳುವ ಮಾತೂ ಇಲ್ಲ. ಅಲ್ಲಿ ಟೋನರ್ ಪುಡಿ ಮೊದಲು ಡ್ರಮ್ಮಿನ ಮೇಲೆ ಅಕ್ಷರವಾಗಿ ಕೂತು, ಅಲ್ಲಿಂದ ಹಾಳೆಗೆ ದಾಟುತ್ತದೆ. ಟೋನರ್ ಮುಗಿಯುತ್ತ ಬಂದರೆ ಅಕ್ಷರ ದಿನದಿಂದ ದಿನಕ್ಕೆ ಮಾಸುತ್ತದೆಯೇ ಹೊರತು ಒಮ್ಮೆಲೇ ಮಾಯವಾಗುವುದು ಅಪರೂಪ. ಹೊಸ ಟೋನರ್ ಹಾಕಿದೊಡನೆ ಪೂರ್ತಿ ಬಿಳಿ ಬಂದರೆ, ಪುಡಿಯನ್ನು ತಡೆದಿಟ್ಟಿರುವ ಉದ್ದನೆಯ ಸೀಲ್ ಪಟ್ಟಿಯನ್ನು ಎಳೆದು ತೆಗೆಯದೆ ಇರುವ ಸಾಧ್ಯತೆಯೇ ಹೆಚ್ಚು. ಅದೂ ಅಲ್ಲವಾದರೆ ರಿಪೇರಿಯವರು ಮಾಡುವ ಒಂದು ಪರೀಕ್ಷೆಯಿದೆ: ಹಾಳೆ ಅರ್ಧ ದಾರಿಯಲ್ಲಿರುವಾಗ ಯಂತ್ರ ನಿಲ್ಲಿಸಿ, ಕಾರ್ಟ್ರಿಜ್ ತೆಗೆದು ಡ್ರಮ್ ನೋಡುತ್ತಾರೆ. ಡ್ರಮ್ಮಿನ ಮೇಲೆ ಅಕ್ಷರವಿದ್ದರೆ ಅದನ್ನು ಹಾಳೆಗೆ ದಾಟಿಸುವ ರೋಲರಿನದು ತಪ್ಪು. ಇಲ್ಲದಿದ್ದರೆ ತಪ್ಪು ಅದಕ್ಕೂ ಹಿಂದಿನದು.

ಇನ್ನು ಕಾಪಿ ಚೆನ್ನಾಗಿಯೇ ಬಂದ ಯಂತ್ರದ ಮಾತು. ವಿಂಡೋಸ್ 11ರಲ್ಲಿ Settings ಒಳಗಿನ Printers & scanners ನಲ್ಲಿ ಪ್ರಿಂಟರನ್ನು ಆರಿಸಿ Print test page ಒತ್ತಬೇಕು. ಅದೂ ಖಾಲಿ ಬಂದರೆ ಡ್ರೈವರ್ ತಪ್ಪಿದೆ. ಹಳೆಯದನ್ನು ತೆಗೆದು ಆ ಮಾಡೆಲ್‌ನದೇ ಡ್ರೈವರ್ ಹಾಕಬೇಕು. ಪರೀಕ್ಷಾ ಪುಟ ಸರಿಯಾಗಿ ಬಂದರೆ ತಪ್ಪು ಆ ಒಂದು ಫೈಲಿನದು. ಪಿಡಿಎಫ್ ಆದರೆ ಅಡೋಬಿ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ Advanced ಒತ್ತಿ Print As Image ಗುರುತು ಹಾಕಿದರೆ ಸಾಮಾನ್ಯವಾಗಿ ದಾರಿಯಾಗುತ್ತದೆ.

ಎಲ್ಲ ಪುಟವೂ ಬಂದು ಕೊನೆಗೊಂದು ಖಾಲಿ ಹಾಳೆ ಸೇರಿಕೊಳ್ಳುವುದು ಬೇರೆಯೇ ಕಥೆ, ಅದಕ್ಕೆ ಯಂತ್ರವನ್ನು ಬಯ್ಯುವಂತಿಲ್ಲ. ವರ್ಡ್ ಕಡತದ ಕೊನೆಯಲ್ಲಿ ಟೇಬಲ್ ಇದ್ದರೆ ಅದರ ಕೆಳಗೆ ಒಂದು ಖಾಲಿ ಸಾಲು ಕಡ್ಡಾಯವಾಗಿ ಇರುತ್ತದೆ. ಟೇಬಲ್ ಪುಟದ ಅಂಚಿನವರೆಗೆ ಬಂದಿದ್ದರೆ ಆ ಸಾಲು ಮುಂದಿನ ಪುಟಕ್ಕೆ ಜಾರುತ್ತದೆ. ಆ ಸಾಲಿನ ಅಕ್ಷರದ ಗಾತ್ರವನ್ನು 1ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಹಾಳೆ ಉಳಿಯುತ್ತದೆ. ಕಾಗದದ ಅಳತೆಯೂ ಹೀಗೆ ಕಾಡುತ್ತದೆ. A4 ಹಾಳೆ 297 ಮಿಲಿಮೀಟರ್ ಉದ್ದ, ಅಮೆರಿಕದ Letter ಹಾಳೆ ಸುಮಾರು 279. A4ಗೆ ಹೊಂದಿಸಿದ ಕಡತವನ್ನು Letter ಗೆ ಬದಲಿಸಿದರೆ ಪ್ರತಿ ಪುಟದಲ್ಲೂ ಎರಡು ಸೆಂಟಿಮೀಟರಿನಷ್ಟು ಕಡಿಮೆಯಾಗಿ, ಕೊನೆಯ ಖಾಲಿ ಸಾಲುಗಳು ಹೊಸ ಪುಟ ತೆರೆಯುತ್ತವೆ. ಎಕ್ಸೆಲ್‌ನಲ್ಲಿ Ctrl+End ಒತ್ತಿದರೆ, ಹಾಳೆ ಎಲ್ಲಿಯವರೆಗೆ ಬಳಕೆಯಾಗಿದೆ ಎಂದು ಅದು ತಿಳಿದುಕೊಂಡಿದೆಯೋ ಆ ಮನೆಗೆ ಕರ್ಸರ್ ಹೋಗುತ್ತದೆ. ಲೆಕ್ಕ 40ನೆಯ ಸಾಲಿಗೆ ಮುಗಿದಿದ್ದರೂ ಕರ್ಸರ್ 900ನೆಯ ಸಾಲಿಗೆ ಹಾರಿದರೆ, ನಡುವೆ ಎಲ್ಲೋ ಒಂದು ಖಾಲಿ ಜಾಗದ ಅಕ್ಷರವೋ ಗೆರೆಯೋ ಉಳಿದುಕೊಂಡಿರುತ್ತದೆ. ಬೇಕಾದ ಭಾಗವನ್ನಷ್ಟೇ ಆಯ್ದು Page Layout ನಲ್ಲಿ Print Area, Set Print Area ಒತ್ತಿ, ಪ್ರಿಂಟ್ ಕಿಟಕಿಯ ಕೆಳಗೆ ಪುಟಗಳ ಸಂಖ್ಯೆ ಇಳಿಯಿತೇ ಎಂದು ನೋಡಿ ಪ್ರಿಂಟ್ ಕೊಟ್ಟರಾಯಿತು.